ಹೊಸ ನೆಕ್ ಅಂಟಿಸಿದ ಹಾಗೆ ಕಾಣ್ತಿದೆ: ಬಟ್ಟೆಯ ಅಂಚನ್ನು ಮೈಮೇಲೆ ಕೂರಿಸುವುದು ಹೇಗೆ?

ವಿದ್ಯಾ_ಡೊಂಬಿವಲಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ದಾದರ್‌ನ ಒಂದು ಬ್ಲೌಸ್ ಅಂಗಡಿಯ ಕ್ಯಾಟಲಾಗ್ ಕೆಲಸ ಇದು. ಮಾಡೆಲ್ ತೊಟ್ಟಿರುವುದು ಮರೂನ್ ರಾ ಸಿಲ್ಕ್, ಯು ಆಕಾರದ ನೆಕ್, ಗಿಡ್ಡ ತೋಳು. ಅದೇ ಫೋಟೋದಲ್ಲಿ ಅಂಗಡಿಯವರಿಗೆ ನವಿಲು ಹಸಿರಿನ ಬೋಟ್ ನೆಕ್ ಬ್ಲೌಸ್ ಬೇಕು, ಕೊರಳಿಗೆ ಚಿನ್ನದ ಬಣ್ಣದ ಪೈಪಿಂಗ್, ತೋಳು ಮೊಣಕೈವರೆಗೆ. ಹಸಿರು ಬ್ಲೌಸನ್ನು ಅಂಗಡಿಯ ಗೊಂಬೆಗೆ ತೊಡಿಸಿ, ಬಿಳಿ ಪರದೆ ಮುಂದೆ ತೆಗೆದ ಫೋಟೋ ಬೇರೆ ಇದೆ. ಅದರಿಂದ ಕತ್ತರಿಸಿ ಇದರ ಮೇಲೆ ಕೂರಿಸಿದ್ದೇನೆ.

ಮಾಡೆಲ್ ಫೋಟೋ 4000 × 6000 ಪಿಕ್ಸೆಲ್, 85 ಎಂಎಂ ಲೆನ್ಸ್, ಎಫ್ 2.8, ಸುಮಾರು ಎರಡು ಮೀಟರ್ ದೂರದಿಂದ. ಫೋಕಸ್ ಕಣ್ಣಿನ ಮೇಲಿದೆ. ಸಾಫ್ಟ್‌ಬಾಕ್ಸ್ ಫೋಟೋದ ಎಡಗಡೆ, ಮೇಲಿನಿಂದ. ಗೊಂಬೆಯ ಫೋಟೋ ಎಫ್ 8ರಲ್ಲಿ ತೆಗೆದದ್ದು, ಎಲ್ಲ ಕಡೆ ಚೂಪಾಗಿದೆ.

ಫೋಟೋಶಾಪ್‌ನಲ್ಲಿ ಪೆನ್ ಟೂಲ್‌ನಿಂದ ಪಾತ್ ಎಳೆದು, ಫೆದರ್ 3 ಕೊಟ್ಟು ಮಾಸ್ಕ್ ಮಾಡಿದೆ. ಕೊರಳಿನ ನಡುಭಾಗದಲ್ಲಿ ಅಂಚು ಮಂಜು ಕವಿದ ಹಾಗಿದೆ, ಭುಜದ ಹತ್ತಿರ ಅದೇ ಅಂಚು ಕತ್ತರಿಯಿಂದ ಕತ್ತರಿಸಿದ ಹಾಗಿದೆ. ಪೈಪಿಂಗ್‌ನ ಹೊರಗೆ ತೆಳ್ಳಗೆ ಬಿಳಿ ಗೆರೆ ಕಾಣುತ್ತದೆ. ಡ್ರಾಪ್ ಶ್ಯಾಡೋ ಹಾಕಿದರೆ ಸ್ಟಿಕ್ಕರ್ ಅಂಟಿಸಿದಂತಾಗುತ್ತದೆ, ತೆಗೆದರೆ ಬಟ್ಟೆ ತೇಲುತ್ತದೆ. ಫೆದರ್ ಎಷ್ಟು ಇಡಬೇಕು?

ಹರೀಶ_ಠಾಣೆ · ಸೋಮವಾರ ರಾತ್ರಿ 10:05

ಫೆದರ್ ಕಮ್ಮಿ ಆಯ್ತು, ಅಷ್ಟೇ. 24 ಮೆಗಾಪಿಕ್ಸೆಲ್ ಫೋಟೋಗೆ 3 ಎಲ್ಲಿಗೆ ಸಾಕಾಗ್ತದೆ ಮಾರಾಯ್ರೆ? 6ರಿಂದ 8 ಕೊಡಿ. ಬಿಳಿ ಗೆರೆಗೆ Layer > Matting > Defringe ಉಂಟಲ್ಲ, ಅದರಲ್ಲಿ 2 ಪಿಕ್ಸೆಲ್ ಹಾಕಿ, ಹೋಗ್ತದೆ. ನೆರಳಿಗೆ ಡ್ರಾಪ್ ಶ್ಯಾಡೋದ ಒಪಾಸಿಟಿ 20ಕ್ಕೆ ಇಳಿಸಿ, ಸೈಜ್ ದೊಡ್ಡದು ಮಾಡಿ. ಕ್ಯಾಟಲಾಗಿನಲ್ಲಿ ಫೋಟೋ ಸಣ್ಣದಾಗಿ ಬರುವುದು, ಯಾರಿಗೂ ಗೊತ್ತಾಗುವುದಿಲ್ಲ.

ಸುಮತಿ_ವಾಸ್ಕೊ · ಸೋಮವಾರ ರಾತ್ರಿ 10:30

ವಿದ್ಯಾ, ಬೋಟ್ ನೆಕ್ ಮೈಗೆ ಕೂರದೆ ತೇಲುತ್ತದೆ ಅಂದರೆ ಭುಜದ ಇಳಿಜಾರು ಸರಿಯಾಗಿ ಕತ್ತರಿಸಿಲ್ಲ ಅಂತ. ಭುಜದ ಹೊಲಿಗೆಯನ್ನು ಕೊರಳಿನ ಕಡೆ ಕಾಲು ಇಂಚು ಒಳಗೆ ಹಿಡಿಯಿರಿ, ಕೂರುತ್ತದೆ. ಪೈಪಿಂಗ್‌ಗೆ ಒಳಗೆ ಹಾಕುವ ದಾರ ಎಷ್ಟು ದಪ್ಪದ್ದು? ರಾ ಸಿಲ್ಕ್‌ಗೆ ಸಾಮಾನ್ಯವಾಗಿ ಹೊಲಿದ ಮೇಲೆ 3 ಮಿಲಿಮೀಟರ್ ಕಾಣುವಷ್ಟು ಇಡುತ್ತೇವೆ. ಅದಕ್ಕಿಂತ ದಪ್ಪ ಆದರೆ ಕೊರಳಿಗೆ ಹಗ್ಗ ಸುತ್ತಿದ ಹಾಗೆ ಕಾಣುತ್ತದೆ. ಇನ್ನೊಂದು, ಬೋಟ್ ನೆಕ್ ಕಾಲರ್ ಬೋನ್ ಮೇಲೆ ಒರಗಿ ನಿಲ್ಲುತ್ತದೆ. ಎಲುಬಿನ ಪಕ್ಕದ ತಗ್ಗಿನಲ್ಲಿ ಬಟ್ಟೆ ಮೈಗೆ ತಾಗುವುದೇ ಇಲ್ಲ, ಸೇತುವೆ ಹಾಗೆ ಹಾದುಹೋಗುತ್ತದೆ. ಅದನ್ನು ಎಳೆದು ಕೂರಿಸಲು ಹೋಗಬೇಡಿ, ಸುಕ್ಕು ಬೀಳುತ್ತದೆ.

ವಿದ್ಯಾ_ಡೊಂಬಿವಲಿ · ಸೋಮವಾರ ರಾತ್ರಿ 10:41

ಸುಮತಿ ಅಕ್ಕ, ಇದು ಹೊಲಿಗೆ ಅಲ್ಲ, ಫೋಟೋ ಎಡಿಟಿಂಗ್. ಬ್ಲೌಸ್ ಹೊಲಿದು ಆಗಿದೆ.

ಸುಮತಿ_ವಾಸ್ಕೊ · ಸೋಮವಾರ ರಾತ್ರಿ 10:48

ಅಯ್ಯೋ, ಹೌದಾ! ಶೀರ್ಷಿಕೆ ನೋಡಿ ಹೊಲಿಗೆಯದ್ದೇ ಅಂದುಕೊಂಡೆ. ನೀವು ಮುಂದುವರಿಸಿ.

ಶ್ರೀಪಾದ_ಪುಣೆ · ಸೋಮವಾರ ರಾತ್ರಿ 11:20

ಸುಮತಿಯವ್ರು ಹೇಳಿದ್ದು ಬಿಡಬ್ಯಾಡ್ರಿ. ಅದು ಹೊಲಿಗಿ ಮಾತಾದ್ರೂ ಇಲ್ಲಿಗೆ ಬೇಕಾದದ್ದ ಅದ. ಅದಕ್ಕ ಆಮ್ಯಾಲೆ ಬರ್ತೀನಿ, ಮೊದಲು ಫೆದರ್.

ಹರೀಶ ಅವರ 8 ತಪ್ಪು, ನಿಮ್ಮ 3ನೂ ತಪ್ಪು. ಒಂದ ಸಂಖ್ಯಾ ಇಡೀ ಕೊರಳಿಗೆ ಹೊಂದೂದಿಲ್ಲ. ಅಂಚು ಎಷ್ಟು ಮೆತ್ತಗ ಇರಬೇಕು ಅನ್ನೂದನ್ನ ಲೆನ್ಸ್ ಆಗಲೇ ತೀರ್ಮಾನ ಮಾಡ್ಯದ. ನಾವು ಅಳದು ಹೊಂದಿಸೂದಷ್ಟೇ. ಅಳಿಯೂದು ಹೀಂಗ: ಫೋಟೋನ 800 ಪರ್ಸೆಂಟಿಗೆ ಹಿಗ್ಗಿಸಿ, ಬದಲಾಯಿಸದೇ ಇರೋ ಒಂದು ಅಸಲಿ ಅಂಚು ಹುಡುಕ್ರಿ. ಅದು ನಿಮ್ಮ ಹೊಸ ಅಂಚಿನಷ್ಟ ದೂರದಾಗ ಇರಬೇಕು. ಕೊರಳಿನ ನಡುಭಾಗಕ್ಕ ಹಳೇ ಮರೂನ್ ಬ್ಲೌಸಿನ ನೆಕ್ಕೇ ಸಾಕು, ಮೂಲ ಲೇಯರಿನೊಳಗ ಇನ್ನೂ ಅದಲ್ಲ. ಭುಜಕ್ಕ ಹಳೇ ಬ್ಲೌಸಿನ ಭುಜದ ಅಂಚು. ಪೂರ್ತಿ ಬಟ್ಟಿ ಬಣ್ಣದಿಂದ ಪೂರ್ತಿ ಚರ್ಮದ ಬಣ್ಣಕ್ಕ ಬರಲಿಕ್ಕೆ ಎಷ್ಟು ಪಿಕ್ಸೆಲ್ ಹಿಡೀತಾವ, ಎಣಿಸ್ರಿ.

ನೀವು ಕೊಟ್ಟ ಲೆನ್ಸು, ಎಫ್, ದೂರ ನೋಡಿದ್ರ ನನ್ನ ಅಂದಾಜು ನಡುಭಾಗದಾಗ 3–4 ಪಿಕ್ಸೆಲ್, ಭುಜದ ಹಿಂದಿನ ತುದಿಯೊಳಗ 10–12 ಪಿಕ್ಸೆಲ್. ಫೋಕಸ್ ಕಣ್ಣಿನ ಮ್ಯಾಲೆ ಇದ್ದಾಗ ಭುಜ ಸುಮಾರು 12 ಸೆಂಟಿಮೀಟರ್ ಹಿಂದ ಬೀಳ್ತದ. ಎಫ್ 2.8ಕ್ಕ ಅಷ್ಟು ಹಿಂದಿಂದು ಚೂಪಾಗಿ ಉಳಿಯೂದಿಲ್ಲ.

ಇಲ್ಲೇ ಒಂದು ಮೋಸ ಅದ. ಫೆದರ್ 3 ಅಂದ್ರ 3 ಪಿಕ್ಸೆಲ್ ಅಗಲದ ಅಂಚು ಅಂತ ತಿಳೀತೀವಿ. ಅಲ್ಲ. ಕಣ್ಣಿಗೆ ಕಾಣೋ ಅಗಲ ಆ ಸಂಖ್ಯಾದ ಸುಮಾರು ಎರಡೂವರಿ ಪಟ್ಟು. 3 ಕೊಟ್ರ 7–8 ಪಿಕ್ಸೆಲ್ ಆತು. ಅದಕ್ಕ ನಡುಭಾಗ ಮಂಜು, ಭುಜ ಕತ್ತರಿ. ಎರಡೂ ಒಂದ ತಪ್ಪಿನ ಎರಡು ಮುಖ.

ಪಾತ್‌ನಿಂದ ಫೆದರ್ 0 ಇಟ್ಟು ಮಾಸ್ಕ್ ಮಾಡ್ರಿ. ಮಾಸ್ಕ್ ಮ್ಯಾಲೆ ಕ್ಲಿಕ್ ಮಾಡಿ Filter > Blur > Gaussian Blur, 1.3. ಇದು ಇಡೀ ಅಂಚಿಗೆ. ಆಮ್ಯಾಲೆ ಲಾಸೋದಿಂದ ಬರೇ ಭುಜದ ಭಾಗ ಸುತ್ತುಹಾಕಿ, ಆ ಸೆಲೆಕ್ಷನ್ನಿಗೆ ಫೆದರ್ 100 ಕೊಟ್ಟು, ಮಾಸ್ಕಿಗೆ ಮತ್ತೊಮ್ಮೆ ಬ್ಲರ್ 4. ನಡುಭಾಗದಿಂದ ಭುಜಕ್ಕ ಹೋಗ್ತಾ ಹೋಗ್ತಾ ಅಂಚು ತಾನ ಮೆತ್ತಗಾಗ್ತದ. ನೀವು ಎಣಿಸಿದ ಸಂಖ್ಯಾ ಬ್ಯಾರೆ ಬಂದ್ರ ಅದನ್ನ ಎರಡೂವರಿಯಿಂದ ಭಾಗಿಸಿ ಇಡ್ರಿ, ನನ್ನ ಅಂದಾಜು ನಂಬಬ್ಯಾಡ್ರಿ.

ಮೇಘನಾ_ಮಾಟುಂಗಾ · ಮಂಗಳವಾರ ಬೆಳಿಗ್ಗೆ 8:15

ಇದಕ್ಕೆ ಒಂದು ಸೇರಿಸಬೇಕು. ಮಾಸ್ಕ್‌ನ ಅಂಚನ್ನು ಮೃದು ಮಾಡಿದರೆ ಬಟ್ಟೆ ಮೃದುವಾಗುವುದಿಲ್ಲ. ಗೊಂಬೆಯ ಫೋಟೋ ಎಫ್ 8 ಅಂದಿದ್ದೀರಿ, ಹಾಗಾಗಿ ಭುಜದ ಮೇಲೆ ರಾ ಸಿಲ್ಕ್‌ನ ಗಂಟುಗಂಟು ಎಳೆ ಒಂದೊಂದೂ ಚೂಪಾಗಿ ಕಾಣುತ್ತಿರುತ್ತದೆ. ಪಕ್ಕದ ಚರ್ಮ ಮಸುಕು, ಅಂಚು ಮಸುಕು, ನೇಯ್ಗೆ ಮಾತ್ರ ಚೂಪು. ಏನೋ ಸರಿಯಿಲ್ಲ ಎಂದು ಕಣ್ಣಿಗೆ ತಟ್ಟನೆ ಗೊತ್ತಾಗುತ್ತದೆ, ಎಲ್ಲಿ ಎಂದು ಮಾತ್ರ ತಿಳಿಯುವುದಿಲ್ಲ. ಬಟ್ಟೆಯ ಲೇಯರ್‌ನ ಪ್ರತಿ ತೆಗೆದು, ಅದಕ್ಕೆ 4 ಪಿಕ್ಸೆಲ್ ಬ್ಲರ್ ಕೊಟ್ಟು, ಭುಜದ ಕಡೆ ಮಾತ್ರ ಕಾಣುವಂತೆ ಗ್ರೇಡಿಯಂಟ್ ಮಾಸ್ಕ್ ಹಾಕಿ.

ಆದರೆ ಬ್ಲರ್ ಮಾಡುವ ಮೊದಲು ಬಿಳಿ ಗೆರೆಯ ವಿಷಯ ಮುಗಿಸಿಕೊಳ್ಳಿ. ಇಲ್ಲದಿದ್ದರೆ ಗೊಂಬೆಯ ಹಿಂದಿನ ಬಿಳಿ ಪರದೆ ಬಟ್ಟೆಯೊಳಕ್ಕೆ ಹರಡುತ್ತದೆ.

ಆ ಬಿಳಿ ಗೆರೆ ಎಲ್ಲಿಂದ ಬರುತ್ತದೆ ಅಂದರೆ, ಅಂಚಿನ ಅರೆಪಾರದರ್ಶಕ ಪಿಕ್ಸೆಲ್‌ಗಳಲ್ಲಿ ಮೊದಲೇ ಅರ್ಧ ಚಿನ್ನದ ಬಣ್ಣ, ಅರ್ಧ ಬಿಳಿ ಬೆರೆತುಹೋಗಿದೆ. ನೀವು ಎಷ್ಟು ನಾಜೂಕಾಗಿ ಕತ್ತರಿಸಿದರೂ ಆ ಬಿಳಿ ಜೊತೆಗೇ ಬರುತ್ತದೆ. ಹರೀಶಣ್ಣ ಹೇಳಿದ ಡಿಫ್ರಿಂಜ್ ಮಾಸ್ಕ್ ಇರುವ ಲೇಯರ್‌ಗೆ ಉಪಯೋಗವಿಲ್ಲ, ಮಾಸ್ಕ್ ಅಪ್ಲೈ ಮಾಡಿ ಪಾರದರ್ಶಕ ಅಂಚು ಇದ್ದರೆ ಮಾತ್ರ ಅದು ಕೆಲಸ ಮಾಡುವುದು. ಮಾಸ್ಕ್ ಅಪ್ಲೈ ಮಾಡಿಬಿಟ್ಟರೆ ಶ್ರೀಪಾದ ಅವರು ಹೇಳಿದಂತೆ ಆಮೇಲೆ ಅಂಚು ಹೊಂದಿಸುವ ದಾರಿ ಮುಚ್ಚಿತು.

ಮಾಸ್ಕನ್ನು ಶಿಫ್ಟ್ ಒತ್ತಿ ಕ್ಲಿಕ್ ಮಾಡಿ ಆಫ್ ಮಾಡಿ. ಬಿಳಿ ಪರದೆ ಪೂರ್ತಿ ಕಾಣುತ್ತದೆ. ಈಗ ಕ್ಲೋನ್ ಸ್ಟ್ಯಾಂಪ್ ತೆಗೆದುಕೊಂಡು ಪೈಪಿಂಗ್‌ನ ಬಣ್ಣವನ್ನು ಹೊರಗೆ, ಬಿಳಿಯ ಮೇಲೆ, 12–15 ಪಿಕ್ಸೆಲ್ ಎಳೆಯಿರಿ. ಕೊರಳಿನ ಸುತ್ತ ಚಿನ್ನದ ಬಣ್ಣ ಅಂಚು ದಾಟಿ ಚೆಲ್ಲಿದ ಹಾಗೆ ಆಗಬೇಕು. ನೋಡಲು ಕೊಳಕಾಗಿರುತ್ತದೆ, ಚಿಂತೆಯಿಲ್ಲ. ಮಾಸ್ಕ್ ಮತ್ತೆ ಆನ್ ಮಾಡಿ. ಭುಜದ ಮೃದು ಅಂಚಿನಲ್ಲೂ ಈಗ ಬೆರೆಯುವುದು ಬರೀ ಚಿನ್ನ ಮತ್ತು ಚರ್ಮ. ಬಿಳಿಗೆ ಬರಲು ಜಾಗವೇ ಇಲ್ಲ. Select and Mask ಒಳಗಿನ Decontaminate Colors ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಆದರೆ ಪೈಪಿಂಗ್‌ನಂಥ ತೆಳು ಪಟ್ಟಿಯಲ್ಲಿ ಅದು ಪಕ್ಕದ ಹಸಿರನ್ನೂ ಎಳೆದು ತರುತ್ತದೆ. ಇಲ್ಲಿ ಕೈಯಿಂದ ಮಾಡುವುದೇ ವಾಸಿ.

ಈ ಜಾಗಕ್ಕೆ ಹೀಲಿಂಗ್ ಬ್ರಷ್ ಮಾತ್ರ ಬೇಡ. ಅದು ಸುತ್ತಲಿನ ಬಣ್ಣ ನೋಡಿ ಬೆರೆಸುವ ಸಾಧನ. ಅಂಚಿನ ಹತ್ತಿರ ಬಂದರೆ ಆಚೆ ಬದಿಯ ಬಣ್ಣವನ್ನು ಈಚೆಗೆ ಬಳಿದು ಮಣ್ಣುಬಣ್ಣದ ಕಲೆ ಬಿಡುತ್ತದೆ.

ಹರೀಶ_ಠಾಣೆ · ಮಂಗಳವಾರ ಬೆಳಿಗ್ಗೆ 8:50

ಡಿಫ್ರಿಂಜ್ ವಿಷಯ ಒಪ್ಪಿದೆ, ಮಾಸ್ಕ್ ಉಂಟು ಅಂತ ಯೋಚನೆ ಮಾಡಲಿಲ್ಲ. ಆದ್ರೆ ನೆರಳು? ಬಟ್ಟೆಗೂ ಚರ್ಮಕ್ಕೂ ನಡುವೆ ನೆರಳು ಇಲ್ಲದೆ ಕೂರುವುದು ಹೇಗೆ? ಅದಕ್ಕೆ ಡ್ರಾಪ್ ಶ್ಯಾಡೋ ಬೇಕೇ ಬೇಕಲ್ಲ.

ಶ್ರೀಪಾದ_ಪುಣೆ · ಮಂಗಳವಾರ ಮಧ್ಯಾಹ್ನ 1:10

ನೆರಳು ಬೇಕು, ಆದ್ರ ಎಲ್ಲೆ ಅನ್ನೂದು ಮುಖ್ಯ. ಡ್ರಾಪ್ ಶ್ಯಾಡೋ ಸುತ್ತಲೂ ಒಂದ ಥರ ಬೀಳ್ತದ, ಅದಕ್ಕ ಸ್ಟಿಕ್ಕರ್ ಕಂಡಂಗ ಆಗೂದು.

ಬೆಳಕು ಮ್ಯಾಲಿಂದ ಬರಾಕತ್ತದ. ಕೊರಳಿನೊಳಗ ಚರ್ಮ ಮ್ಯಾಲೆ, ಬಟ್ಟಿ ಕೆಳಗ. ಮ್ಯಾಲಿನ ಬೆಳಕಿಗೆ ಬಟ್ಟಿಯ ನೆರಳು ಕೆಳಗ ಬೀಳಬೇಕು. ಕೆಳಗ ಇರೂದು ಬಟ್ಟಿನೇ. ಅಂದ್ರ ನೆಕ್ ಮ್ಯಾಲಿನ ಚರ್ಮದ ಮ್ಯಾಲೆ ಬೀಳೋ ನೆರಳು ಇಲ್ಲವೇ ಇಲ್ಲ ಅನ್ನಬಹುದು. ಅಲ್ಲೆ ಇರೂದು ಬಟ್ಟಿ ಚರ್ಮಕ್ಕ ತಾಗೋ ಸಂದಿಯ ಸಣ್ಣ ಕಪ್ಪು ಗೆರಿ, ಜೊತಿಗೆ ಪೈಪಿಂಗ್‌ನ ಮ್ಯಾಲ್ಮೈ ಬೆಳಕು ಹಿಡಿದು ಹೊಳಿಯೂದು. ತೋಳಿನ ತುದಿಯೊಳಗ ಲೆಕ್ಕ ಉಲ್ಟಾ. ಅಲ್ಲೆ ಬಟ್ಟಿ ಮ್ಯಾಲೆ, ಕೈ ಕೆಳಗ. ನೆರಳು ಸರಿಯಾಗಿ ಕೈಮ್ಯಾಲೆ ಬೀಳ್ತದ. ಒಂದ ನೆರಳನ್ನ ಎರಡೂ ಕಡೆ ಹಾಕಿದ್ರ ಒಂದರಾಗ ತಪ್ಪಾಗೂದು ಖಾತ್ರಿ.

ಈಗ ಅಳತಿ. ನಿಮ್ಮ ಚೌಕಟ್ಟಿನ ಅಗಲ ಸುಮಾರು 54 ಸೆಂಟಿಮೀಟರ್ ಜಾಗ ಹಿಡೀತದ, 4000 ಪಿಕ್ಸೆಲ್. ಅಂದ್ರ ಒಂದು ಮಿಲಿಮೀಟರಿಗೆ 7 ಪಿಕ್ಸೆಲ್ ಚಿಲ್ಲರೆ. ಇಲ್ಲಿಗೆ ಸುಮತಿಯವ್ರ 3 ಮಿಲಿಮೀಟರ್ ಬರ್ತದ ನೋಡ್ರಿ. ಪೈಪಿಂಗ್ ಸುಮಾರು 22 ಪಿಕ್ಸೆಲ್ ದಪ್ಪ ಇರಬೇಕು. ನಿಮ್ಮದು ಎಷ್ಟದ? ಜಾಸ್ತಿ ಇದ್ರ ಬಟ್ಟಿಯ ಲೇಯರನ್ನ ದೊಡ್ಡದು ಮಾಡಿ ಕೂರಿಸೀರಿ ಅಂತ ಅರ್ಥ.

ಸಂದಿಯ ಗೆರಿಗೆ ಚರ್ಮದ ಮ್ಯಾಲೆ, ಬಟ್ಟಿಯ ಲೇಯರಿನ ಕೆಳಗ ಒಂದು ಹೊಸ ಲೇಯರ್, ಮೋಡ್ Multiply. ಬಣ್ಣ ಕಪ್ಪು ಬ್ಯಾಡ. ಆಕೀ ಗದ್ದದ ಕೆಳಗಿನ ನೆರಳಿನಿಂದ ಬಣ್ಣ ಎತ್ಕೊಳ್ರಿ, ಕೆಂಪು ಬೆರೆತ ಕಂದು ಬರ್ತದ. 5–6 ಪಿಕ್ಸೆಲ್ ಮೆತ್ತನ ಬ್ರಷ್, ಒಪಾಸಿಟಿ 20, ಬಟ್ಟಿ ಮೈಗೆ ತಾಗೋ ಕಡೆ ಮಾತ್ರ. ಕಾಲರ್ ಬೋನ್ ಪಕ್ಕದ ತಗ್ಗಿನಾಗ ಬಟ್ಟಿ ಸೇತುವಿ ಹಂಗ ಹಾಯ್ತದ ಅಂತ ಸುಮತಿಯವ್ರು ಹೇಳಿದ್ರಲ್ಲ. ಆ ಎರಡು ಜಾಗದೊಳಗ ಗೆರಿ ಅಗಲ ಆಗಿ 12–15 ಪಿಕ್ಸೆಲ್, ಗಾಢ ಆಗಿ ಒಪಾಸಿಟಿ 45ರ ತನಕ ಹೋಗಬೇಕು, ಯಾಕಂದ್ರ ಅಲ್ಲೆ ಕಾಣೂದು ಬಟ್ಟಿಯ ಒಳಗಿನ ಕತ್ತಲಿ. ಎಲುಬಿನ ಮ್ಯಾಲೆ ಬಂದ ಕೂಡ್ಲೆ ಮತ್ತ ಕೂದಲೆಳಿ ಆಗ್ತದ. ಗೆರಿ ಎಲ್ಲೆ ದಪ್ಪ, ಎಲ್ಲೆ ಸಣ್ಣ ಅನ್ನೂದರಿಂದನ ಬಟ್ಟಿ ಮೈಮ್ಯಾಲೆ ಕೂತಂಗ ಕಾಣ್ತದ.

ಫೋಟೋದ ಎಡಗಡೆಯ ನೆಕ್ ತುದಿ, ಅಂದ್ರ ಬೆಳಕಿನ ಕಡೆದು, ಅಲ್ಲೆ ಬಟ್ಟಿ ಕತ್ತಿನ ಕಡೆ ಸಣ್ಣ ನೆರಳು ಬೀಳಿಸ್ತದ. ಬಲಗಡೆ ತುದಿ ಬೆಳಕು ಹಿಡೀತದ, ನೆರಳು ಬೀಳಿಸೂದಿಲ್ಲ. ಅಷ್ಟ ವ್ಯತ್ಯಾಸ ಮಾಡಿದ್ರ ಸಾಕು.

ವಿದ್ಯಾ_ಡೊಂಬಿವಲಿ · ಮಂಗಳವಾರ ರಾತ್ರಿ 10:20

ಹಳೇ ನೆಕ್ ಅಂಚು ಎಣಿಸಿದೆ: ನಡುವೆ 4 ಪಿಕ್ಸೆಲ್, ಭುಜದಲ್ಲಿ 10. ಮಾಸ್ಕ್ ಬ್ಲರ್ 1.6 ಮತ್ತು 4 ಇಟ್ಟಿದ್ದೇನೆ. ಪೈಪಿಂಗ್ ಬಣ್ಣ ಹೊರಗೆ ಎಳೆದ ಮೇಲೆ ಬಿಳಿ ಗೆರೆ ಪೂರ್ತಿ ಹೋಯಿತು. ನನ್ನ ಪೈಪಿಂಗ್ 31 ಪಿಕ್ಸೆಲ್ ಇತ್ತು! ಮಾಡೆಲ್‌ನ ಭುಜಕ್ಕೆ ಸರಿಹೋಗಲಿ ಎಂದು ಗೊಂಬೆಯ ಬ್ಲೌಸನ್ನು ಹಿಗ್ಗಿಸಿದ್ದೆ. ಈಗ ಕೊರಳಿನ ಪಟ್ಟಿಯನ್ನು ಬೇರೆ ಲೇಯರ್ ಮಾಡಿ 22ಕ್ಕೆ ಇಳಿಸಿದೆ. ಸುಮತಿ ಅಕ್ಕ, ನಿಜವಾಗಿ ಧನ್ಯವಾದ.

ಕೊರಳು ಈಗ ಕೂತಿದೆ. ತೋಳಿನ ತುದಿ ಕೂತಿಲ್ಲ. ನೆರಳು ಹಾಕಿದರೂ ಕೈಗೆ ಅಡ್ಡಲಾಗಿ ಪಟ್ಟಿ ಅಂಟಿಸಿದ ಹಾಗಿದೆ.

ಪ್ರವೀಣ_ಮಡಗಾಂವ್ · ಮಂಗಳವಾರ ರಾತ್ರಿ 10:55

ನನ್ನದೂ ಇಂಥದ್ದೇ ಒಂದು ಇದೆ, ಇಲ್ಲೇ ಕೇಳುತ್ತೇನೆ. ಗಿಂಪ್ ಬಳಸುತ್ತೇನೆ. ಅತ್ತೆಯ ಒಂದು ಹಳೇ ಫೋಟೋ ವಾಟ್ಸಾಪ್‌ನಲ್ಲಿ ಬಂದದ್ದು, 1200 × 1600. ಕೆಂಪು ಸೀರೆ, ಕೆಂಪು ಬ್ಲೌಸ್. ಬ್ಲೌಸಿನ ಕೊರಳು ಸ್ವಲ್ಪ ಮೇಲಕ್ಕೆ ಏರಿಸಿ ಫ್ರೇಮ್ ಹಾಕಿಸಬೇಕೆಂದು ಅತ್ತೆಯೇ ಕೇಳಿದ್ದಾರೆ. ಅದೇ ಬ್ಲೌಸಿನ ಬಟ್ಟೆಯನ್ನು ಕ್ಲೋನ್ ಮಾಡಿ ಏರಿಸಿದೆ. ಅಂಚಿನ ಅಗಲ ಹಳೇ ಅಂಚಿಗೆ ಸರಿಯಾಗಿದೆ. ಆದರೂ ಹೊಸ ಅಂಚು ಬೇರೆಯಾಗಿ ಎದ್ದು ಕಾಣುತ್ತದೆ. ಹಳೆಯದರ ಪಕ್ಕದ ಚರ್ಮದಲ್ಲಿ ಕೆಂಪು ಸೋರಿದ ಹಾಗಿದೆ, ಹೊಸದರಲ್ಲಿ ಇಲ್ಲ. ಏನಿದು?

ಮೇಘನಾ_ಮಾಟುಂಗಾ · ಬುಧವಾರ ಬೆಳಿಗ್ಗೆ 7:50

ಪ್ರವೀಣ್, ಅದು ಜೆಪೆಗ್‌ನ ಗುಣ. ಇಂಥ ಫೈಲ್‌ಗಳಲ್ಲಿ ಬೆಳಕು-ಕತ್ತಲೆಯನ್ನು ಪಿಕ್ಸೆಲ್ ಪಿಕ್ಸೆಲ್‌ಗೂ ಇಟ್ಟು, ಬಣ್ಣವನ್ನು ಮಾತ್ರ ಅರ್ಧ ಅಳತೆಯಲ್ಲಿ ಇಡುತ್ತಾರೆ. ನಾಲ್ಕು ಪಿಕ್ಸೆಲ್‌ಗಳ ಒಂದು ಚೌಕಕ್ಕೆ ಒಂದೇ ಬಣ್ಣ. ಹಾಗಾಗಿ ಅಂಚಿನ ಕತ್ತಲೆ-ಬೆಳಕು ಚೂಪಾಗಿಯೇ ಇರುತ್ತದೆ, ಬಣ್ಣ ಮಾತ್ರ ಒಂದೆರಡು ಪಿಕ್ಸೆಲ್ ಆಚೆಗೆ ಸೋರಿರುತ್ತದೆ. ಗಾಢ ಕೆಂಪಿನಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ನೀವು ಮಾಡಿದ ಅಂಚಿನಲ್ಲಿ ಬಣ್ಣವೂ ಚೂಪು, ಅದಕ್ಕೇ ಹೊಂದುತ್ತಿಲ್ಲ.

ಗಿಂಪ್‌ನಲ್ಲಿ Layer > New from Visible ಮಾಡಿ. ಆ ಹೊಸ ಲೇಯರ್‌ನ ಮೋಡ್ LCh Color ಇಡಿ. ಗಾಸಿಯನ್ ಬ್ಲರ್ 1.5 ಕೊಡಿ. ಕಪ್ಪು ಮಾಸ್ಕ್ ಹಾಕಿ, ಹೊಸ ಅಂಚಿನ ಉದ್ದಕ್ಕೆ ಮಾತ್ರ ಬಿಳಿ ಬ್ರಷ್‌ನಿಂದ ತೆರೆಯಿರಿ. ಬಣ್ಣ ಸೋರುತ್ತದೆ, ಅಂಚಿನ ಚೂಪು ಹಾಗೇ ಉಳಿಯುತ್ತದೆ. ಆದರೆ ಅದಕ್ಕೂ ಮೊದಲು ಫೋಟೋ ಕಳಿಸಿದವರನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹಾಗೆ ಬಂದದ್ದನ್ನು ವಾಟ್ಸಾಪ್ ಕುಗ್ಗಿಸುವುದಿಲ್ಲ. ಮೂಲ ಫೈಲ್ ದೊಡ್ಡದಿದ್ದರೆ ಈ ತಾಪತ್ರಯವೇ ಬಹಳ ಕಮ್ಮಿಯಾಗುತ್ತದೆ.

ವಿದ್ಯಾ, ನಿಮ್ಮ ತೋಳಿನ ತುದಿ ನೇರ ಗೆರೆಯಾಗಿದೆಯೋ, ಬಾಗಿದೆಯೋ?

ವಿದ್ಯಾ_ಡೊಂಬಿವಲಿ · ಬುಧವಾರ ಬೆಳಿಗ್ಗೆ 9:05

ಹೆಚ್ಚುಕಡಿಮೆ ನೇರ. ಗೊಂಬೆಯ ಫೋಟೋದಲ್ಲಿ ಹಾಗೇ ಇತ್ತು.

ಮೇಘನಾ_ಮಾಟುಂಗಾ · ಬುಧವಾರ ಬೆಳಿಗ್ಗೆ 9:30

ಅಲ್ಲೇ ಇದೆ. ಗೊಂಬೆಯನ್ನು ತೆಗೆಯುವಾಗ ಕ್ಯಾಮೆರಾ ಮೊಣಕೈ ಎತ್ತರದಲ್ಲಿ ಇತ್ತು ಅಂತ ಕಾಣುತ್ತದೆ, ಅದಕ್ಕೆ ತುದಿ ನೇರ. ಮಾಡೆಲ್‌ಗೆ ಕ್ಯಾಮೆರಾ ಮುಖದ ಎತ್ತರದಲ್ಲಿದೆ, ಮೊಣಕೈ ಅದಕ್ಕಿಂತ ಕೆಳಗೆ. ಮೇಲಿನಿಂದ ನೋಡುವಾಗ ತೋಳಿನ ದುಂಡು ತುದಿಯ ನಮ್ಮ ಕಡೆಯ ಭಾಗ ಕೆಳಕ್ಕೆ ಬಾಗಿ ಕಾಣಬೇಕು.

ಎಷ್ಟು ಬಾಗಬೇಕು ಎಂದು ಊಹಿಸಬೇಕಾಗಿಲ್ಲ. ಮಾಡೆಲ್ ಬಳೆ ತೊಟ್ಟಿದ್ದಾರಾ? ಅದೇ ಕೈಯ ಬಳೆಯ ಬಾಗು ನೋಡಿ. ಮುಂಗೈ ತೋಳಿನ ನೇರಕ್ಕೇ ಇಳಿಬಿದ್ದಿದ್ದರೆ ಬಳೆಯ ವಕ್ರವೇ ನಿಮಗೆ ಮಾದರಿ. ಅದರ ಮೇಲೆ ಪಾತ್ ಎಳೆದು, ಆ ಪಾತನ್ನು ತೋಳಿನ ಅಗಲಕ್ಕೆ ಹಿಗ್ಗಿಸಿ ಮೇಲೆ ಇಡಿ. ತೋಳಿನ ತುದಿ ಬಳೆಗಿಂತ ಕಣ್ಣಿನ ಮಟ್ಟಕ್ಕೆ ಹತ್ತಿರ ಇರುವುದರಿಂದ ಬಾಗು ಬಳೆಗಿಂತ ತುಸು ಕಮ್ಮಿ ಮಾಡಿ. ಆಮೇಲೆ Edit > Transform > Warp ತೆಗೆದು ಬಟ್ಟೆಯನ್ನು ಆ ಗೆರೆಗೆ ಬಗ್ಗಿಸಿ. ಜರಿ ಅಂಚು ಇದ್ದರೆ ಅದೂ ಜೊತೆಗೇ ಬಾಗಬೇಕು. ಬರೀ ಮಾಸ್ಕ್ ಬಗ್ಗಿಸಿದರೆ ಜರಿ ನೇರ ಉಳಿದು ತುದಿ ಮಾತ್ರ ಬಾಗುತ್ತದೆ, ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಶ್ರೀಪಾದ_ಪುಣೆ · ಬುಧವಾರ ಮಧ್ಯಾಹ್ನ 2:00

ಬಳೀ ಮಾತು ಭಾಳ ಛಲೋ. ಮೊಣಕೈ ಮಡಚಿದ್ರ ಮಾತ್ರ ನಡಿಯೂದಿಲ್ಲ, ಮುಂಗೈಯ ದಿಕ್ಕು ಬ್ಯಾರೆ ಆಗ್ತದಲ್ಲ.

ನೆರಳಿಗೆ ಎರಡು ಲೇಯರ್ ಮಾಡ್ರಿ. ಲೈನಿಂಗ್ ಇರೋ ರಾ ಸಿಲ್ಕ್ ಮಡಚಿ ಹೊಲದ್ರ ತುದಿ ಹತ್ತತ್ರ ಒಂದು ಮಿಲಿಮೀಟರ್ ದಪ್ಪ, ಅಂದ್ರ 7 ಪಿಕ್ಸೆಲ್. ಆ ದಪ್ಪ ತೋರಿಸಲಿಕ್ಕೆ ಬಟ್ಟಿಯ ಕೆಳ ಅಂಚಿನಾಗ ಹಸಿರಿನ ಗಾಢ ಬಣ್ಣದ್ದ ಸಣ್ಣ ಪಟ್ಟಿ ಬೇಕು. ಅದರ ಕೆಳಗ ಕೈಮ್ಯಾಲೆ ಮೊದಲನೇ ನೆರಳು 6–8 ಪಿಕ್ಸೆಲ್, ಒಪಾಸಿಟಿ 40. ಎರಡನೇದು 25–30 ಪಿಕ್ಸೆಲ್, ಒಪಾಸಿಟಿ 15, ಕೆಳಗ ಹೋದಂಗ ಕರಗಬೇಕು. ಬೆಳಕು ಎಡಕ್ಕಿರೂದರಿಂದ ಎರಡನೇದನ್ನ ಬಲಕ್ಕ 8–10 ಪಿಕ್ಸೆಲ್ ಸರಿಸ್ರಿ. ಸಾಫ್ಟ್‌ಬಾಕ್ಸ್ ನೆರಳಿಗೆ ಗಟ್ಟಿ ಅಂಚು ಇರೂದಿಲ್ಲ, ನೆನಪಿರಲಿ. ತೋಳು ಸಡಿಲ ಇದ್ರ ನೆರಳು ಅಗಲ, ಬಿಗಿ ಇದ್ರ ಎರಡನೇ ಲೇಯರ್ ಬ್ಯಾಡವೇ ಬ್ಯಾಡ.

ಮುಗಿದ ಮ್ಯಾಲೆ ಎಲ್ಲಕ್ಕಿಂತ ಮ್ಯಾಲೆ ಒಂದು ಕಪ್ಪು ಬಣ್ಣದ ಲೇಯರ್ ಹಾಕಿ, ಮೋಡ್ Color ಇಡ್ರಿ. ಇಡೀ ಫೋಟೋ ಕಪ್ಪು-ಬಿಳುಪು ಆಗ್ತದ. ಬಣ್ಣದ ಮರಳು ಹೋದಾಗ ನೆರಳು ಕಮ್ಮಿಯೋ ಜಾಸ್ತಿಯೋ ಕೂಡ್ಲೆ ಕಾಣ್ತದ. ಕಪ್ಪು-ಬಿಳುಪಿನಾಗ ಸರಿ, ಬಣ್ಣದಾಗ ತಪ್ಪು ಅನ್ನಿಸಿದ್ರ ತೊಂದ್ರಿ ನೆರಳಿಂದಲ್ಲ, ಬಣ್ಣದ್ದು.

ವಿದ್ಯಾ_ಡೊಂಬಿವಲಿ · ಬುಧವಾರ ರಾತ್ರಿ 11:15

ಕೈ ಇಳಿಬಿಟ್ಟಿದ್ದಾರೆ, ಎರಡು ಬಳೆ ಇವೆ. ಆ ಬಾಗಿಗೆ ವಾರ್ಪ್ ಮಾಡಿದೆ. ನೆರಳು ಹಾಕುವ ಮೊದಲೇ ಅರ್ಧ ಕೂತುಬಿಟ್ಟಿತು!

ಕಪ್ಪು-ಬಿಳುಪಿನಲ್ಲಿ ಎಲ್ಲವೂ ಸರಿಯಾಗಿದೆ. ಬಣ್ಣಕ್ಕೆ ಬಂದರೆ ಕೊರಳಿನ ಮೇಲಿನ ಚರ್ಮ, ಗದ್ದದ ಕೆಳಭಾಗ ಹೊಂದುತ್ತಿಲ್ಲ. ಚರ್ಮ ತೀರಾ ಕೆಂಪಗೆ ಕಾಣುತ್ತದೆ.

ಶ್ರೀಪಾದ_ಪುಣೆ · ಗುರುವಾರ ಬೆಳಿಗ್ಗೆ 7:30

ಅದು ಮರೂನ್ ಬ್ಲೌಸಿನ ಬೆಳಕು. ಬಟ್ಟಿಗೆ ಬಿದ್ದ ಬೆಳಕು ತಿರುಗಿ ಗದ್ದದ ಕೆಳಗ ಹೊಡದದ, ಬಣ್ಣ ಹೊತ್ಕೊಂಡು. ಬಟ್ಟಿ ಹಸಿರಾತು, ಚರ್ಮ ಇನ್ನೂ ಮರೂನ್ ಬ್ಲೌಸನ್ನ ನೆನಸಾಕತ್ತದ. ಹೊಸ ಲೇಯರ್, ಮೋಡ್ Color, ಹಣಿಯಿಂದ ಚರ್ಮದ ಬಣ್ಣ ಎತ್ಕೊಂಡು ಗದ್ದದ ಕೆಳಗ ಮತ್ತ ಕೊರಳಿನ ಮ್ಯಾಲೆ ಒಪಾಸಿಟಿ 25–30ರಾಗ ಬಳೀರಿ. ಆಮ್ಯಾಲೆ ಬ್ಯಾರೆ ಲೇಯರಿನಾಗ ಹಸಿರು ಒಂದು ಚೂರು, 5 ಪರ್ಸೆಂಟ್.

ಮೇಘನಾ_ಮಾಟುಂಗಾ · ಗುರುವಾರ ಬೆಳಿಗ್ಗೆ 8:40

ಇದನ್ನು ನಾನು ಒಪ್ಪುವುದಿಲ್ಲ. ಕಲರ್ ಮೋಡ್‌ನಲ್ಲಿ ಒಂದೇ ಬಣ್ಣ ಬಳಿದರೆ ಚರ್ಮದೊಳಗಿನ ಸಣ್ಣ ಸಣ್ಣ ಕೆಂಪು-ಹಳದಿ ವ್ಯತ್ಯಾಸ ಸತ್ತುಹೋಗಿ, ಮೇಣ ಬಳಿದ ಹಾಗೆ ಕಾಣುತ್ತದೆ. ಹ್ಯೂ/ಸ್ಯಾಚುರೇಶನ್ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ, ಅದರಲ್ಲಿ Reds ಮಾತ್ರ ಆರಿಸಿ, ಸ್ಯಾಚುರೇಶನ್ −10, ಹ್ಯೂ +3 ಇಡಿ. ಮಾಸ್ಕನ್ನು ಗದ್ದದ ಕೆಳಗೆ ದೊಡ್ಡ ಮೆತ್ತನೆಯ ಬ್ರಷ್‌ನಿಂದ ತೆರೆಯಿರಿ. ವ್ಯತ್ಯಾಸಗಳು ಉಳಿದುಕೊಂಡು ಇಡೀ ಜಾಗ ಒಟ್ಟಿಗೆ ಸರಿಯುತ್ತದೆ. ಹಸಿರು ಸೇರಿಸುವುದಂತೂ ಚರ್ಮದ ಮೇಲೆ ಅಪಾಯ. ಅಚ್ಚಿಗೆ ಹೋದಾಗ ಕಾಯಿಲೆ ಬಿದ್ದವರ ಮುಖದಂತೆ ಬರುತ್ತದೆ.

ಶ್ರೀಪಾದ_ಪುಣೆ · ಗುರುವಾರ ಬೆಳಿಗ್ಗೆ 9:10

25ರಾಗ ಸಾಯೂದಿಲ್ಲ, 60ರಾಗ ಸಾಯ್ತದ. ಕೆಂಪು ಭಾಳ ಇದ್ರ ಬರೇ ಸ್ಯಾಚುರೇಶನ್ ಇಳಿಸಿದ್ರ ಚರ್ಮ ಬೂದಿ ಬಣ್ಣ ಆಗ್ತದ, ಅದೂ ನೋಡೀವಿ. ಹಸಿರಿನ ಮಾತಿಗೆ ಹೇಳಬೇಕಂದ್ರ, ಅಸಲಿ ಹಸಿರು ಬ್ಲೌಸ್ ತೊಟ್ಟಿದ್ರ ಗದ್ದದ ಕೆಳಗ ಅದು ಇರ್ತಿತ್ತು. ವಿದ್ಯಾ, ಎರಡೂ ಮಾಡಿ ನೋಡ್ರಿ.

ಹರೀಶ_ಠಾಣೆ · ಗುರುವಾರ ಬೆಳಿಗ್ಗೆ 9:35

ಇಷ್ಟೆಲ್ಲ ಅಂಚಿನ ಕೆಲಸ ಬಂದರೆ ಗೊಂಬೆಗೆ ತೊಡಿಸುವ ಬದಲು ಅಂಗಡಿಯವರು ಮುಂದಿನ ಸಲ ಬ್ಲೌಸನ್ನು ಮಾಡೆಲ್ ಮೈಮೇಲಿಟ್ಟೇ ತೆಗೆಸುವುದು ಒಳ್ಳೆಯದು. ಒಂದು ಕೇಳ್ತೇನೆ. ಇದೇ ಅಂಗಡಿ ನಾಳೆ ಬೋಟ್ ನೆಕ್ ಫೋಟೋ ಕೊಟ್ಟು ಡೀಪ್ ನೆಕ್ ಮಾಡಿಕೊಡಿ ಅಂದರೆ ಇದೇ ವಿಧಾನವಾ?

ಮೇಘನಾ_ಮಾಟುಂಗಾ · ಗುರುವಾರ ಬೆಳಿಗ್ಗೆ 10:00

ಇಲ್ಲ. ಮೇಲೇರಿಸುವಾಗ ಬಟ್ಟೆಯನ್ನು ಚರ್ಮದ ಮೇಲೆ ಇಡುತ್ತೇವೆ, ಕೆಳಗಿರುವ ಚರ್ಮ ಆ ಮಾಡೆಲ್‌ನದ್ದೇ. ಇಳಿಸಬೇಕಾದರೆ ಇಲ್ಲದ ಚರ್ಮವನ್ನು ನಾವು ಸೃಷ್ಟಿಸಬೇಕಾಗುತ್ತದೆ. ಆಕೆ ತೋರಿಸದ ಮೈಯನ್ನು ಆಕೆಯ ಹೆಸರಲ್ಲಿ ತೋರಿಸಿದ ಹಾಗೆ. ಮಾಡೆಲ್ ಬರಹದಲ್ಲಿ ಒಪ್ಪಿಗೆ ಕೊಡದೆ ಆ ಕೆಲಸವನ್ನು ಮುಟ್ಟಲೇಬಾರದು. ಅಂಗಡಿಯ ಒಪ್ಪಿಗೆ ಸಾಲದು.

ಪ್ರವೀಣ_ಮಡಗಾಂವ್ · ಗುರುವಾರ ಸಂಜೆ 6:20

ಡಾಕ್ಯುಮೆಂಟ್ ಆಗಿ ತರಿಸಿದೆ, ಫೋಟೋ 3000 × 4000 ಇತ್ತು. ಅದರಲ್ಲಿ ಕೆಂಪು ಸೋರಿಕೆ ತುಂಬ ಕಮ್ಮಿ. ಬ್ಲರ್ 1.5 ಜಾಸ್ತಿಯಾಯಿತು, 0.8ಕ್ಕೆ ಹೊಂದಿತು. ಆದರೆ ಹೊಸ ಬಟ್ಟೆ ಒಂದು ಥರ ನುಣ್ಣಗೆ ಕಾಣುತ್ತದೆ, ಪಕ್ಕದಲ್ಲಿ ಮರಳುಮರಳಾಗಿದೆ.

ಶ್ರೀಪಾದ_ಪುಣೆ · ಗುರುವಾರ ಸಂಜೆ 7:05

ಕ್ಲೋನ್ ಮಾಡೋ ಮುಂದ ಮೆತ್ತನ ಬ್ರಷ್ ಹಿಡಿದೀರಿ. ಒಂದರ ಮ್ಯಾಲೊಂದು ಬಿದ್ದು ಗ್ರೇನ್ ಸರಾಸರಿ ಆಗಿ ಹೋಗೇದ. ಬ್ರಷ್ ಹಾರ್ಡ್‌ನೆಸ್ 80ರ ಮ್ಯಾಲೆ ಇಟ್ಟು ಮತ್ತ ಮಾಡ್ರಿ. ಇಲ್ಲಾಂದ್ರ ಅಷ್ಟ ಜಾಗಕ್ಕ ಏಕವರ್ಣದ ನಾಯ್ಸ್ ಸ್ವಲ್ಪ ಹಾಕಿ, 100 ಪರ್ಸೆಂಟಿನಾಗ ಪಕ್ಕದ ಬಟ್ಟಿಗೆ ಹೋಲಿಸ್ರಿ. ಹಿಗ್ಗಿಸಿ ಹೋಲಿಸಬ್ಯಾಡ್ರಿ, ಮೋಸ ಹೋಗ್ತೀರಿ.

ವಿದ್ಯಾ_ಡೊಂಬಿವಲಿ · ಗುರುವಾರ ರಾತ್ರಿ 10:50

ಎರಡೂ ಮಾಡಿ ನೋಡಿದೆ. ಸ್ಕ್ರೀನ್ ಮೇಲೆ ಶ್ರೀಪಾದ ಅವರದು ಚೆನ್ನಾಗಿದೆ, ಪ್ರಿಂಟ್ ತೆಗೆಸಿದಾಗ ಮೇಘನಾ ಅವರದು. ಹಸಿರು ಹಾಕಿಲ್ಲ. ಅಂಗಡಿಗೆ ಎರಡನ್ನೂ ಕಳಿಸಿದ್ದೇನೆ.

ಉಳಿದದ್ದು ಒಂದೇ ಜಾಗ. ಬಲಭುಜದ ಮೇಲೆ ಆರೇಳು ಬಿಡಿಗೂದಲು ಬಿದ್ದಿವೆ. ಅವು ಹೊಸ ಪೈಪಿಂಗ್‌ನ ಮೇಲೆ ಹಾದುಹೋಗಬೇಕು, ಆದರೆ ಬಟ್ಟೆಯ ಲೇಯರ್ ಅವನ್ನು ಮುಚ್ಚಿದೆ. ಮಾಸ್ಕ್‌ನಲ್ಲಿ ತೆರೆದರೆ ಕೂದಲಿನ ಜೊತೆ ಹಿಂದಿನ ಮರೂನ್ ಬಣ್ಣವೂ ಬರುತ್ತದೆ.

ಮೇಘನಾ_ಮಾಟುಂಗಾ · ಶುಕ್ರವಾರ ಬೆಳಿಗ್ಗೆ 8:05

ಅವನ್ನು ತೆರೆಯಬೇಡಿ. ಕೂದಲಿನ ಗಾಢ ಕಂದು ಬಣ್ಣ ಎತ್ತಿಕೊಂಡು, ಎಲ್ಲಕ್ಕಿಂತ ಮೇಲಿನ ಹೊಸ ಲೇಯರ್‌ನಲ್ಲಿ 2 ಪಿಕ್ಸೆಲ್ ಬ್ರಷ್‌ನಿಂದ ಮೂರೇ ಮೂರು ಎಳೆ ಎಳೆಯಿರಿ. ಮೂಲದ ಕೂದಲು ಎಲ್ಲಿ ಬಟ್ಟೆಯ ಕೆಳಗೆ ಮರೆಯಾಗುತ್ತದೋ ಅಲ್ಲಿಂದ ಶುರುಮಾಡಿ. ಅಲ್ಲಿ ಫೋಕಸ್ ಇಲ್ಲ, ಹಾಗಾಗಿ ಆ ಲೇಯರ್‌ಗೂ ಬ್ಲರ್ 4 ಬೇಕು. ಬ್ಲರ್ ಕೊಟ್ಟ ಮೇಲೆ ತೀರಾ ಮಸುಕಾದರೆ ಲೇಯರ್‌ನ ಪ್ರತಿ ತೆಗೆದು ಅದರ ಮೇಲೇ ಇಡಿ. ಉಳಿದ ನಾಲ್ಕು ಎಳೆಯನ್ನು ಚರ್ಮದ ಮೇಲಿಂದಲೂ ಅಳಿಸಿ, ಇಲ್ಲದಿದ್ದರೆ ಪೈಪಿಂಗ್ ಹತ್ತಿರ ಬಂದು ಕತ್ತರಿಸಿ ಹೋದ ಹಾಗೆ ಕಾಣುತ್ತವೆ.

ಶ್ರೀಪಾದ_ಪುಣೆ · ಶುಕ್ರವಾರ ಬೆಳಿಗ್ಗೆ 8:30

ಅಳಸಲಿಕ್ಕೆ ಕ್ಲೋನ್ ಸ್ಟ್ಯಾಂಪ್. ಪೈಪಿಂಗಿನಿಂದ 30 ಪಿಕ್ಸೆಲ್ ಆಚೆ ಹೋದ ಮ್ಯಾಲೆ ಹೀಲಿಂಗ್ ಬ್ರಷ್ ನಡೀತದ.